ಕವರ್ ಲೆಟರ್ ಮತ್ತು ಮಾವನ ಪೈಪ್ ಬಿಲ್ಲು

ರಾತ್ರಿ 11:50. ರೆಸ್ಯೂಮೆ ರೆಡಿ ಇತ್ತು, ಫೋಟೋನೂ ಅಂಟಿಸಿದ್ದೆ. ಇನ್ನೇನು ಮಲಗಬೇಕು ಅನ್ನುವಾಗ ಜಾಹೀರಾತಿನ ಕೊನೆ ಸಾಲು ಕಣ್ಣಿಗೆ ಬಿತ್ತು. ಕವರ್ ಲೆಟರ್ ಕಡ್ಡಾಯ, ಅರ್ಜಿಗೆ ನಾಳೆ ಕೊನೆ ದಿನ. ಬಿ.ಕಾಂ. ಮುಗಿಸಿದವಳು ನಾನು, ಆದರೆ ಕವರ್ ಅಂದರೆ ನನಗೆ ಗೊತ್ತಿದ್ದದ್ದು ಮದುವೆ ಮನೆಯಲ್ಲಿ ಮುಯ್ಯಿ ಹಾಕಿ ಕೊಡುವ ಕವರ್ ಮಾತ್ರ.

ಜೀವನದಲ್ಲಿ ನಾನು ಬರೆದಿರುವ ಪತ್ರ ಅಂದರೆ ರಜಾ ಅರ್ಜಿ. ಹಾಗಾಗಿ ಅದೇ ಅಚ್ಚಿಗೆ ಇಂಗ್ಲಿಷ್ ಸುರಿದೆ. ಮೇಲೆ ಇವರಿಂದ, ಇವರಿಗೆ, ಮಧ್ಯದಲ್ಲಿ ಗೆರೆ ಎಳೆದ ವಿಷಯ, ಆಮೇಲೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ'. ಅರ್ಧ ಪುಟಕ್ಕೇ ಸರಕು ಖಾಲಿಯಾಯಿತು, ಉಳಿದದ್ದನ್ನು ನೆಟ್‌ನಲ್ಲಿ ಸಿಕ್ಕ ಮಾದರಿ ಪತ್ರದಿಂದ ಎತ್ತಿದೆ. ಅದರ ಪ್ರಕಾರ ನಾನು ಡೈನಾಮಿಕ್, ರಿಸಲ್ಟ್ ಓರಿಯೆಂಟೆಡ್, ಜೊತೆಗೆ ನಾಯಕತ್ವದ ಗುಣವೂ ಇದೆ. ತಟ್ಟೆ ತೊಳಿ ಅಂತ ಮೂರು ಸಲ ಕೂಗಬೇಕಾದ ಅಮ್ಮ ಪಕ್ಕದ ರೂಮಿನಲ್ಲಿ ಮಲಗಿದ್ದರು, ಪುಣ್ಯ.

ಒಂದೂವರೆ ಪುಟವಾಯಿತು. ಅಕ್ಕ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಆ ವಾರ ನೈಟ್ ಶಿಫ್ಟ್. ಅವಳ ಟೀಮಿಗೆ ಜನ ಬೇಕಾದಾಗ ಬರುವ ಅರ್ಜಿಗಳನ್ನು ಅವಳೂ ಕೂತು ಓದುತ್ತಾಳೆ. ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಜ್ವರ ಎಷ್ಟು ದಿನದಿಂದ?"

"ಯಾವ ಜ್ವರ?"

"ಅಲ್ಲ ಕಣೇ, ಇದನ್ನ ಓದಿದ್ರೆ ಎರಡು ದಿನ ರಜೆ ಕೊಡೋಣ ಅನ್ಸುತ್ತೆ. ಮೂರನೇ ಪ್ಯಾರಾ ನೋಡು ಒಂದ್ಸಲ."

ನೋಡಿದೆ. 'ಕಂಪನಿ ಹೆಸರು ಇಲ್ಲಿ ಬರೆಯಿರಿ' ಎಂಬ ಪ್ರತಿಷ್ಠಿತ ಸಂಸ್ಥೆಯಲ್ಲಿ ಕೆಲಸ ಮಾಡುವುದು ನನ್ನ ಬಹುದಿನದ ಕನಸು ಅಂತ ಇತ್ತು, ಚೌಕ ಬ್ರಾಕೆಟ್ ಸಮೇತ.

ನಗು ಮುಗಿದ ಮೇಲೆ ಜಾಹೀರಾತನ್ನ ಜೋರಾಗಿ ಓದು ಅಂದಳು. ಓದಿದೆ. ಅಕೌಂಟ್ಸ್ ಅಸಿಸ್ಟೆಂಟ್, ಟ್ಯಾಲಿ ಬರಬೇಕು, ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್ ಜೊತೆ ತಾಳೆ ನೋಡಬೇಕು, ಸಪ್ಲೈಯರ್‌ಗಳ ಹಿಂದೆ ಬಿದ್ದು ಬಾಕಿ ಸರಿಪಡಿಸಬೇಕು. "ಈ ಮೂರರಲ್ಲಿ ಒಂದಾದ್ರೂ ನಿನ್ನ ಲೆಟರ್‌ನಲ್ಲಿ ಇದ್ಯಾ?"

"ಟ್ಯಾಲಿ ರೆಸ್ಯೂಮೆಯಲ್ಲಿದೆ."

"ಬರುತ್ತೆ ಅನ್ನೋದು ಅಲ್ಲಿದೆ, ಸರಿ. ಮಾಡಿದ್ದು ಎಲ್ಲಿದೆ? ಮಾವನ ಅಂಗಡೀಲಿ ಎಂಟು ತಿಂಗಳು ಏನು ಮಾಡ್ತಿದ್ದೆ?"

ನಿಜ ಹೇಳಬೇಕೆಂದರೆ ಅದನ್ನು ಕೆಲಸ ಅಂತ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಿಪಟೂರಿನಲ್ಲಿ ಮಾವನಿಗೆ ಹಾರ್ಡ್‌ವೇರ್ ಅಂಗಡಿ ಇದೆ, ಸುಮ್ನೆ ಮನೇಲಿ ಕೂರೋ ಬದಲು ಅಂತ ಹೋಗುತ್ತಿದ್ದೆ. ಸಂಬಳದ ಜಾಗದಲ್ಲಿ ಸಂಜೆ ಬೋಂಡ. ಒಂದು ತಿಂಗಳು ನೀಲಿ ಫೈಲಿನ ಬಿಲ್ಲುಗಳನ್ನು, ನಮಗೆ ಮಾರಿದವರು ತೋರಿಸಿದ ಬಿಲ್ಲುಗಳೆಲ್ಲ ಬರುವ ಪೋರ್ಟಲ್‌ನ 2ಬಿ ಪಟ್ಟಿ ಜೊತೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಾ ಹೋದಾಗ ಒಂದು ಬಿಲ್ಲು ಟಿಕ್ ಇಲ್ಲದೆ ಉಳಿಯಿತು. ಪಿವಿಸಿ ಪೈಪು, ಮಾಲು 24,000, ಶೇ. 18ರಂತೆ ತೆರಿಗೆ 4,320. ಮಾವ ಪೂರ್ತಿ ದುಡ್ಡು ಕೊಟ್ಟಾಗಿತ್ತು. ಆದರೆ ಮಾರಿದವನು ತನ್ನ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಈ ಬಿಲ್ಲನ್ನು ತೋರಿಸಿರಲಿಲ್ಲ. ಅವನು ತೋರಿಸದೆ ಇದ್ದರೆ 14ನೇ ತಾರೀಖಿಗೆ ಬರುವ ನಮ್ಮ 2ಬಿಯಲ್ಲಿ ಅದು ಕಾಣುವುದಿಲ್ಲ. ಕಾಣದಿದ್ದರೆ ಆ 4,320 ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ, ಮಾವ ಕೈಯಿಂದಲೇ ಕಟ್ಟಬೇಕು. ಬಿಲ್ಲು ಕೈಯಲ್ಲಿದೆ, ದುಡ್ಡೂ ಕೊಟ್ಟಾಗಿದೆ, ಆದರೂ ಬೇರೆಯವನ ಮರೆವಿಗೆ ದಂಡ ನಮಗೆ! ಆ ಪುಣ್ಯಾತ್ಮನಿಗೆ ನಾಲ್ಕು ಸಲ ಫೋನ್ ಮಾಡಿದೆ, ಬಿಲ್ಲಿನ ಫೋಟೋ ಕಳಿಸಿದೆ, ಕೊನೆಗೆ ಮುಂದಿನ ತಿಂಗಳ ಪಟ್ಟಿಯಲ್ಲಿ ಬಂತು.

"ಅವರು ಕೇಳ್ತಿರೋದು ಇದನ್ನೇ ಅಲ್ವಾ?" ಅಂದಳು ಅಕ್ಕ.

ನನಗೆ ಹುರುಪು ಬಂತು. "ಹಾಗಾದ್ರೆ ಜಿಎಸ್‌ಟಿ ಎಕ್ಸ್‌ಪರ್ಟ್ ಅಂತ ಹಾಕ್ಲಾ?"

"ಬೇಡ ತಾಯಿ! ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀಯ. ರಿಟರ್ನ್ ಹಾಕ್ತಿದ್ದದ್ದು ಆಡಿಟರ್. ನೀನು ತಾಳೆ ನೋಡಿ ಕೊಟ್ಟೆ, ಫೋನ್ ಮಾಡಿದೆ. ಅಷ್ಟೇ ಬರಿ."

ಡೈನಾಮಿಕ್ ಹೋಯಿತು, ನಾಯಕತ್ವ ಹೋಯಿತು, ಬಹುದಿನದ ಕನಸೂ ಹೋಯಿತು. ಉಳಿದದ್ದು ಮೂರು ಸಣ್ಣ ಪ್ಯಾರಾ. ಮೊದಲನೆಯದರಲ್ಲಿ ಯಾವ ಕೆಲಸಕ್ಕೆ ಅರ್ಜಿ, ಎಲ್ಲಿ ನೋಡಿದೆ ಅಂತ. ಎರಡನೆಯದರಲ್ಲಿ ಪೈಪ್ ಬಿಲ್ಲಿನ ಕಥೆ, ನಾಲ್ಕು ಸಾಲಿನಲ್ಲಿ. ಮೂರನೆಯದರಲ್ಲಿ ಯಾವಾಗ ಸೇರಬಹುದು, ವಿಚಾರಿಸಲು ಮಾವನ ನಂಬರು. ಕಂಪನಿ ಹೆಸರನ್ನು ಜಾಹೀರಾತು ನೋಡಿಕೊಂಡು ಒಂದೊಂದೇ ಅಕ್ಷರ ಹೊಡೆದೆ. ಎರಡನೇ ಪ್ಯಾರಾಗೇ ಒಂದು ಗಂಟೆ ಹಿಡಿಯಿತು, ಬೋಂಡದ ವಿಷಯ ಬಿಡಲು ಮನಸ್ಸೇ ಬರಲಿಲ್ಲ.

ಬೆಳಗ್ಗೆ ಎದ್ದು ಇನ್ನೊಮ್ಮೆ ಓದಿ ಕಳಿಸಿದೆ. ಆಮೇಲೆ ನೆನಪಾಯಿತು, ನಂಬರ್ ಕೊಟ್ಟಿರುವ ವಿಷಯ ಮಾವನಿಗೇ ಹೇಳಿಲ್ಲ. ಫೋನ್ ಮಾಡಿ ಎಲ್ಲಾ ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಒಳ್ಳೇದಾಯ್ತು ಕಣಮ್ಮ. ಯಾರು ಕೇಳಿದ್ರೂ ಚೆನ್ನಾಗೇ ಹೇಳ್ತೀನಿ. ಆದ್ರೆ 20ನೇ ತಾರೀಖಿಗೆ ರಿಟರ್ನ್ ಇದೆಯಲ್ಲ, ಅಲ್ಲೀತನಕ ಯಾರೂ ಫೋನ್ ಮಾಡದೆ ಇದ್ರೆ ಸಾಕು."