ಬಾಣಲೆಗೊಂದು ಲೆಕ್ಕ, ಮೈಗೊಂದು ಲೆಕ್ಕ: ಫೈರ್ ಬ್ಲಾಂಕೆಟ್ ಬಗ್ಗೆ ನನ್ನ ಮಾತು

ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಈಗ ಎಲ್ಲರೂ ಫೈರ್ ಬ್ಲಾಂಕೆಟ್ ತರಿಸ್ತಾ ಇದ್ದಾರೆ. ಕೆಂಪು ಡಬ್ಬಿ, ಒಳಗೆ ಮಡಚಿಟ್ಟ ಬಿಳಿ ಬಟ್ಟೆ, ಕೆಳಗೆ ನೇತಾಡುವ ಎರಡು ಪಟ್ಟಿ. ಒಳ್ಳೆಯದೇ. ಆದರೆ ಅದರ ಜೊತೆ ಓಡಾಡ್ತಿರುವ ವಿಡಿಯೋ ನೋಡಿ ನನಗೆ ಭಯ ಆಯಿತು. ಉರಿಯುವ ಬಾಣಲೆಯ ಮೇಲೆ ಒಬ್ಬ ದೂರದಿಂದ ಬ್ಲಾಂಕೆಟ್ ಎಸೆಯುತ್ತಾನೆ, ಬೆಂಕಿ ಆರಿತು ಅಂತ ಎರಡೇ ಸೆಕೆಂಡಿಗೆ ಎತ್ತಿ ತೋರಿಸುತ್ತಾನೆ. ನಿಜವಾದ ಎಣ್ಣೆ ಬೆಂಕಿಯಲ್ಲಿ ಈ ಎರಡೂ ಕೆಲಸ ಮಾಡಬಾರದು. ಫ್ಯಾಕ್ಟರಿಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಬೆಂಕಿ ಆರಿಸುವ ತರಬೇತಿ ಕೊಡೋದು ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬಾಣಲೆಯ ಬೆಂಕಿಗೆ ಮೊದಲ ಆಯ್ಕೆ ಮುಚ್ಚಳ, ಆಮೇಲೆ ಬ್ಲಾಂಕೆಟ್. ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿದಾಗ ಮಾತ್ರ ಬ್ಲಾಂಕೆಟ್‌ಗೆ ಸಮನಾದದ್ದು ಮನೆಯಲ್ಲಿ ಬೇರೆ ಹೆಚ್ಚೇನೂ ಇರಲ್ಲ. ಆದರೆ ಜನ ಕೊಳ್ಳೋದು ಬಾಣಲೆಗೆ ಅಂತ, ಆ ಅಳತೆಯದ್ದನ್ನೇ ಕೊಳ್ತಾರೆ.

ಬಾಣಲೆಯಿಂದಲೇ ಶುರು ಮಾಡೋಣ. ಹಬ್ಬದ ಹಿಂದಿನ ದಿನ ಕೋಡುಬಳೆ ಕರೀತಾ ಇದ್ದೀರಿ, ಬಾಣಲೆಯಲ್ಲಿ ಅರ್ಧ ಲೀಟರ್ ಎಣ್ಣೆ ಇದೆ ಅಂತ ಇಟ್ಕೊಳ್ಳಿ. ಬಾಗಿಲಿಗೆ ಯಾರೋ ಬಂದರು, ಉರಿ ದೊಡ್ಡದಿತ್ತು, ಹಾಗೇ ಬಿಟ್ಟು ಹೋದಿರಿ. ರಿಫೈನ್ಡ್ ಎಣ್ಣೆ ಸುಮಾರು 230 ಡಿಗ್ರಿಗೆ ಹೊಗೆಯಾಡೋಕೆ ಶುರು ಮಾಡುತ್ತದೆ. ಮೊದಲು ತೆಳ್ಳಗಿನ ಹೊಗೆ, ಆಮೇಲೆ ದಟ್ಟವಾಗಿ ಕಣ್ಣು ಉರಿಸುವ ಹೊಗೆ. ಆ ಹಂತದಲ್ಲಿ ಗ್ಯಾಸ್ ಆಫ್ ಮಾಡಿದರೆ ಕಥೆ ಅಲ್ಲಿಗೇ ಮುಗಿಯಿತು. ಮಾಡದಿದ್ದರೆ 350 ಡಿಗ್ರಿ ದಾಟುವ ಹೊತ್ತಿಗೆ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಒಲೆಯ ಉರಿ ತಾಗಬೇಕಂತಲೂ ಇಲ್ಲ. ಬ್ಲಾಂಕೆಟ್ ಬಳಸುವ ಪ್ರತಿಯೊಂದು ನಿಯಮದ ಹಿಂದೆ ಇರೋದು ಇದೇ ಕಾರಣ. ಮುಚ್ಚಿದ ಕೂಡಲೇ ಉರಿ ಹೋಗುತ್ತದೆ, ಎಣ್ಣೆಯ ಕಾವು ಹೋಗಲ್ಲ. ಒಳಗೆ ಅದು ಇನ್ನೂ 350ರ ಆಸುಪಾಸಿನಲ್ಲೇ ಕೂತಿರುತ್ತದೆ. ಆರಿತಾ ನೋಡೋಣ ಅಂತ ಅಂಚು ಎತ್ತಿದಿರೋ, ಗಾಳಿ ಸಿಕ್ಕಿ ಭಗ್ ಅಂತ ಮತ್ತೆ ಹತ್ತಿಕೊಳ್ಳುತ್ತದೆ. ಈ ಸಲ ನಿಮ್ಮ ಮುಖ ಅದರ ಮೇಲೇ ಇರುತ್ತದೆ.

ನೀರು ಹಾಕಬಾರದು ಅನ್ನೋದು ಎಲ್ಲರಿಗೂ ಗೊತ್ತು, ಆದರೂ ಗಾಬರಿಯಲ್ಲಿ ಕೈ ಹೋಗೋದು ನಲ್ಲಿಗೇ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿದು ಅಲ್ಲೇ ಆವಿಯಾಗುತ್ತದೆ. ಒಂದು ಲೋಟ ನೀರು ಆವಿಯಾದರೆ ಅದಕ್ಕಿಂತ ಸಾವಿರದ ಆರುನೂರು ಪಟ್ಟಿಗೂ ಜಾಸ್ತಿ ಜಾಗ ಬೇಕು. ಆ ಆವಿ ಉರಿಯುವ ಎಣ್ಣೆಯನ್ನೆಲ್ಲ ಸೀಲಿಂಗ್‌ವರೆಗೆ ಚಿಮ್ಮಿಸುತ್ತದೆ. ಬಾಣಲೆ ಎತ್ತಿಕೊಂಡು ಸಿಂಕಿಗೋ ಬಾಲ್ಕನಿಗೋ ಓಡೋದೂ ಅಷ್ಟೇ ಅಪಾಯ. ಎಣ್ಣೆ ತುಳುಕೋದು ನಿಮ್ಮ ಕೈ ಮೇಲೆ, ಕಾಲ ಮೇಲೆ. ಇದ್ದಲ್ಲೇ ಇರಲಿ ಬಿಡಿ.

ಕೈಗೆ ಸಿಕ್ಕಿದರೆ ಮೊದಲು ಗ್ಯಾಸ್ ಆಫ್, ಚಿಮಣಿಯೂ ಆಫ್. ಚಿಮಣಿ ಓಡ್ತಾ ಇದ್ದರೆ ಉರಿಯನ್ನು ಮೇಲಕ್ಕೆ ಎಳೆದು, ಒಳಗಿನ ಜಿಡ್ಡಿಗೂ ಹತ್ತಿಸುತ್ತದೆ. ಗುಂಡಿಯ ಹತ್ತಿರ ಉರಿ ಇದ್ದರೆ ಹಟ ಮಾಡಬೇಡಿ, ಮೊದಲು ಮುಚ್ಚಿ ಆಮೇಲೆ ಆಫ್ ಮಾಡಿ. ಬಾಣಲೆಗಿಂತ ಅಗಲವಾದ ಸ್ಟೀಲ್ ಮುಚ್ಚಳ ಇಲ್ಲವೇ ಹರಿವಾಣ ಪಕ್ಕದಲ್ಲೇ ಇದ್ದರೆ ಪಕ್ಕದಿಂದ ಜಾರಿಸಿ ಮುಚ್ಚಿ, ಅದೇ ಒಳ್ಳೆಯದು. ಲೋಹದೊಳಗೆ ಎಣ್ಣೆ ಇಳಿಯಲ್ಲ, ಬಟ್ಟೆಯೊಳಗೆ ಇಳಿಯುತ್ತದೆ.

ಮುಚ್ಚಳ ಇಲ್ಲ, ಬ್ಲಾಂಕೆಟ್ಟೇ ಗತಿ ಅಂದಾಗ ಕೈಯ ಕೆಲಸ ಹೀಗೆ. ಎರಡೂ ಪಟ್ಟಿ ಹಿಡಿದು ಕೆಳಕ್ಕೆ ಎಳೆದರೆ ಬ್ಲಾಂಕೆಟ್ ಬಿಚ್ಚಿಕೊಂಡು ಕೈಗೆ ಬರುತ್ತದೆ. ಮೇಲಿನ ಅಂಚನ್ನು ಹೊರಕ್ಕೆ ಮಗುಚಿ ಎರಡೂ ಮುಂಗೈ ಅದರೊಳಗೆ ಅಡಗುವಂತೆ ಹಿಡ್ಕೊಳ್ಳಿ. ಬೆಂಕಿಯ ಕಡೆಯಿಂದ ನೋಡಿದರೆ ನಿಮ್ಮ ಒಂದು ಬೆರಳೂ ಕಾಣಬಾರದು. ತೋಳು ಮುಂದಕ್ಕೆ ಚಾಚಿ, ಬ್ಲಾಂಕೆಟ್ ನಿಮಗೂ ಬೆಂಕಿಗೂ ನಡುವೆ ಪರದೆಯಾಗಿ ಇರಲಿ. ನಿಧಾನವಾಗಿ ಹತ್ತಿರ ಹೋಗಿ, ಕೆಳಗಿನ ಅಂಚನ್ನು ಬಾಣಲೆಯ ನಿಮ್ಮ ಕಡೆಯ ಬಾಯಿಗೆ ತಾಗಿಸಿ, ಅಲ್ಲಿಂದ ಆಚೆಗೆ ಹಾಸುತ್ತಾ ಹೋಗಿ. ಆಗ ಉರಿ ನಿಮ್ಮಿಂದ ದೂರಕ್ಕೆ ಸರಿಯುತ್ತದೆ. ಎಸೆದರೆ ಗಾಳಿ ಬೀಸಿದಂತಾಗಿ ಉರಿ ಏಳುತ್ತದೆ, ಬಾಣಲೆ ಮಗುಚಲೂಬಹುದು. ಹಿಡಿಯ ಹತ್ತಿರ ಬಟ್ಟೆ ಎದ್ದು ನಿಂತು ಸಂದಿ ಬಿಡುತ್ತದೆ, ಅದನ್ನು ಗಮನಿಸಿ. ಆಮೇಲೆ ಕನಿಷ್ಠ ಅರ್ಧ ಗಂಟೆ ಮುಟ್ಟಬೇಡಿ. ದಪ್ಪ ಕಬ್ಬಿಣದ ಬಾಣಲೆಯಾದರೆ ಇನ್ನೂ ಜಾಸ್ತಿ.

ಈಗ ಇದರ ಮಿತಿ. ಬ್ಲಾಂಕೆಟ್ ಅಂದರೆ ಗಾಜಿನ ನೂಲಿನ ನೇಯ್ಗೆ, ಕೆಲವಕ್ಕೆ ಮೇಲೆ ಸಿಲಿಕೋನ್ ಲೇಪ ಇರುತ್ತದೆ. ಗಾಜು ಉರಿಯಲ್ಲ, ನಿಜ. ಆದರೆ ನೇಯ್ಗೆಯಲ್ಲಿ ಸಣ್ಣ ಸಂದಿಗಳಿವೆ. ಕುದಿಯುವ ಎಣ್ಣೆಯ ಆವಿ ಅದರಲ್ಲಿ ನುಸುಳುತ್ತದೆ, ಬಟ್ಟೆ ದೀಪದ ಬತ್ತಿಯ ಹಾಗೆ ಎಣ್ಣೆ ಹೀರಿಕೊಳ್ಳುತ್ತದೆ, ಕೊನೆಗೆ ಮೇಲ್ಭಾಗದಲ್ಲೇ ಉರಿ ಕಾಣಿಸಿಕೊಳ್ಳುತ್ತದೆ. ನೆದರ್ಲೆಂಡ್ಸ್‌ನ ಗ್ರಾಹಕ ಸುರಕ್ಷತೆಯ ಸರ್ಕಾರಿ ಸಂಸ್ಥೆ ಅಂಗಡಿಯ ಬ್ಲಾಂಕೆಟ್‌ಗಳನ್ನು ಉರಿಯುವ ಎಣ್ಣೆಯ ಮೇಲೆ ಹಾಕಿ ನೋಡಿದಾಗ ಎಷ್ಟೋ ಬ್ಲಾಂಕೆಟ್‌ಗಳು ಸೋತವು. ಎಣ್ಣೆ, ಕೊಬ್ಬಿನ ಬೆಂಕಿಗೆ ಇದನ್ನು ಬಳಸಬೇಡಿ ಅಂತಲೇ ಅಲ್ಲಿ ಎಚ್ಚರಿಸಿದರು. ಅಷ್ಟು ಕಟ್ಟುನಿಟ್ಟಾಗಿ ನಾನು ಹೇಳಲ್ಲ. ಒಗ್ಗರಣೆ ಸೌಟು, ತವಾ, ಸ್ವಲ್ಪ ಎಣ್ಣೆಯ ಸಣ್ಣ ಬಾಣಲೆ, ಬೆಂಕಿ ಈಗಷ್ಟೇ ಹತ್ತಿದೆ ಅಂದರೆ ಒಳ್ಳೆಯ ಬ್ಲಾಂಕೆಟ್ ಕೆಲಸ ಮಾಡುತ್ತದೆ. ಮದುವೆ ಮನೆಯ ಅಡುಗೆಯವರ ಕೊಪ್ಪರಿಗೆಗೆ, ಬೋಂಡಾ ಗಾಡಿಯ ದೊಡ್ಡ ಬಾಣಲೆಗೆ ಇದು ಆಗಲ್ಲ, ದಯವಿಟ್ಟು ಪ್ರಯತ್ನ ಮಾಡಬೇಡಿ. ಸಿಲಿಂಡರ್ ಬಾಯಲ್ಲೋ ಪೈಪಿನಲ್ಲೋ ಉರಿ ಇದ್ದರೂ ಇದು ಅದಕ್ಕಲ್ಲ.

ಸೋಲ್ತಾ ಇದೆ ಅಂತ ತಿಳಿಯೋದು ಹೇಗೆ? ಬ್ಲಾಂಕೆಟ್ ನಡುವೆ ಕಂದು ಬಣ್ಣದ ಕಲೆ ಅಗಲ ಆಗ್ತಾ ಹೋಗುತ್ತದೆ, ಕಲೆಯ ಮೇಲಿಂದ ಹೊಗೆ ನಿಲ್ಲದೆ ಬರ್ತಾನೇ ಇರುತ್ತದೆ. ಗ್ಯಾಸ್ ಆಫ್ ಆಗಿಯೂ ಹೀಗಾದರೆ ಎರಡನೇ ಪ್ರಯತ್ನ ಬೇಡ. ಎಲ್ಲರನ್ನೂ ಹೊರಗೆ ಕರೆದು, ಅಡುಗೆಮನೆ ಬಾಗಿಲು ಎಳೆದುಕೊಂಡು, 101 ಇಲ್ಲವೇ 112ಕ್ಕೆ ಫೋನ್ ಮಾಡಿ.

ಇನ್ನು ಮೈಮೇಲಿನ ಬೆಂಕಿ. ಇದರ ಬಗ್ಗೆ ನನಗೆ ಹೆಚ್ಚು ಕಾಳಜಿ, ಯಾಕಂದರೆ ಇಲ್ಲಿ ಸಮಯ ಸೆಕೆಂಡುಗಳ ಲೆಕ್ಕ. ಸೀರೆಯ ಸೆರಗು, ದುಪಟ್ಟಾ, ಅಗಲ ತೋಳಿನ ನೈಟಿ ಬರ್ನರ್ ಮೇಲೆ ಹೋಗುತ್ತದೆ. ಹಿಂದಿನ ಬರ್ನರ್‌ಗೆ ಕೈ ಚಾಚಿದಾಗ ಜಾಸ್ತಿ. ಬೆಂಕಿ ಕಂಡ ತಕ್ಷಣ ಮನುಷ್ಯ ಓಡುತ್ತಾನೆ, ಓಡಿದರೆ ಗಾಳಿ ಸಿಕ್ಕಿ ಉರಿ ಇನ್ನೂ ಎದ್ದೇಳುತ್ತದೆ. ನಿಂತೇ ಇದ್ದರೂ ಉರಿ ಹೋಗೋದು ಮೇಲಕ್ಕೆ, ಕುತ್ತಿಗೆ, ಮುಖ, ಉಸಿರಿನ ದಾರಿಗೆ. ಅದಕ್ಕೇ ಬ್ಲಾಂಕೆಟ್ ದೂರ ಇದ್ದರೆ ತರೋಕೆ ಹೋಗಬೇಡಿ, "ಕೆಳಗೆ ಮಲಕ್ಕೋ, ಉರುಳು" ಅಂತ ಕೂಗಿ ನೆಲಕ್ಕೆ ಬೀಳಿಸಿ.

ಬ್ಲಾಂಕೆಟ್ ಕೈಯಲ್ಲಿದ್ದರೆ ಸುತ್ತೋದು ಮೇಲಿಂದ ಕೆಳಕ್ಕೆ. ಮುಂಗೈ ಅಡಗಿಸಿ ಹಿಡಿದು, ಮೊದಲು ಕುತ್ತಿಗೆಯ ಬುಡಕ್ಕೆ, ಹೆಗಲಿಗೆ ಬಿಗಿಯಾಗಿ ತನ್ನಿ. ಅಲ್ಲಿಂದ ಕೆಳಗೆ ಸುತ್ತಿ. ಸೊಂಟದಿಂದ ಶುರು ಮಾಡಿದರೆ ಮೈಗೂ ಬ್ಲಾಂಕೆಟ್‌ಗೂ ನಡುವಿನ ಸಂದಿಯಲ್ಲಿ ಉರಿ ನೇರ ಮುಖಕ್ಕೆ ನುಗ್ಗುತ್ತದೆ. ಮುಖ ಮುಚ್ಚಬೇಡಿ, ಉಸಿರಾಡಬೇಕು. ಸುತ್ತಿದ ಕೂಡಲೇ ಮಲಗಿಸಿ, ಬ್ಲಾಂಕೆಟ್ ಮೇಲಿಂದ ಒತ್ತಿ. ಉಜ್ಜಬೇಡಿ. ಸೀರೆಯ ನೆರಿಗೆಯ ಒಳಗೆ, ಲಂಗದ ಕಟ್ಟಿನ ಹತ್ತಿರ ಕಿಡಿ ಉಳಿದಿರುತ್ತದೆ, ಅಲ್ಲಿ ನೋಡಿ.

ಉರಿ ಆರಿದ ಮೇಲೆ ಬ್ಲಾಂಕೆಟ್ ತೆಗೆಯಲೇಬೇಕು. ಎಷ್ಟೋ ಜನ ಹಾಗೇ ಸುತ್ತಿಟ್ಟು ಆಸ್ಪತ್ರೆಗೆ ಹೊರಡುತ್ತಾರೆ. ಒಳಗಿನ ಕಾವು ಹೊರಗೆ ಬರದೆ ಚರ್ಮ ಇನ್ನೂ ಆಳಕ್ಕೆ ಬೇಯುತ್ತದೆ. ತೆಗೆದು, ಸುಟ್ಟ ಜಾಗಕ್ಕೆ ತಣ್ಣಗಿನ ನಲ್ಲಿ ನೀರು, 20 ನಿಮಿಷ, ಸಣ್ಣಗೆ ಹರಿಯುವ ಹಾಗೆ. ಐಸ್ ಬೇಡ. ಸುಡದ ಭಾಗಕ್ಕೆ ಒಣ ಹೊದಿಕೆ ಹಾಕಿ, ಮಕ್ಕಳಿಗೆ, ವಯಸ್ಸಾದವರಿಗೆ ಬೇಗ ಚಳಿ ಹಿಡಿಯುತ್ತದೆ. ಬಳೆ, ಉಂಗುರ, ಕಾಲುಂಗುರ, ಕುತ್ತಿಗೆ ಸುಟ್ಟಿದ್ದರೆ ತಾಳಿ ಸರವನ್ನೂ ಊತ ಬರೋ ಮುಂಚೆ ತೆಗೀರಿ. ತಾಳಿ ತೆಗೆಯೋಕೆ ಮನೆಯವರು ಹಿಂದೇಟು ಹಾಕ್ತಾರೆ, ಆದರೆ ಊದಿದ ಕುತ್ತಿಗೆಯಿಂದ ಸರ ಬಿಡಿಸೋದು ಬಹಳ ಕಷ್ಟ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ. ಟೂತ್‌ಪೇಸ್ಟ್, ಇಂಕ್, ಅರಿಶಿನ, ತುಪ್ಪ ಏನೂ ಬೇಡ. ಶುದ್ಧ ಹತ್ತಿ ಬಟ್ಟೆ ಸಡಿಲವಾಗಿ ಹೊದಿಸಿ. ನೀರು ಹಾಕ್ತಾ ಇರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಬೆಂಗಳೂರಿನಲ್ಲಾದರೆ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೇ ಬೇರೆ ವಿಭಾಗ ಇದೆ.

ಈಗ ಅಳತೆಗೆ ಬರ್ತೀನಿ. ಎಲ್ಲರೂ ತರಿಸ್ತಿರುವುದು 1 ಮೀಟರ್‌ಗೆ 1 ಮೀಟರ್. ಬಾಣಲೆಗೆ ಸಾಕು. ಐದೂವರೆ ಅಡಿ ಎತ್ತರದ ಮನುಷ್ಯನಿಗೆ ಅದು ಹೆಗಲಿಂದ ಮೊಣಕಾಲಿನ ಆಸುಪಾಸಿನವರೆಗೆ ಮಾತ್ರ ಬರುತ್ತದೆ, ತೋಳು ಸೇರಿಸಿ ಮೈಸುತ್ತ ಪೂರ್ತಿ ಬರಲ್ಲ. 1.2ಕ್ಕೆ 1.8 ಮೀಟರ್ ಇರುವುದನ್ನೇ ತಗೊಳ್ಳಿ, ಎರಡಕ್ಕೂ ಆಗುತ್ತದೆ. ಡಬ್ಬಿಯ ಮೇಲೆ EN 1869 ಅಂತ ಇದೆಯಾ ನೋಡಿ, ಅದು ಯುರೋಪಿನ ಮಾನದಂಡ. ಒಂದೇ ಸಲ ಬಳಸುವ ವಸ್ತು ಇದು, ಬೆಂಕಿ ಕಂಡ ಬ್ಲಾಂಕೆಟ್ ಮಡಚಿ ಮತ್ತೆ ಡಬ್ಬಿಗೆ ಹಾಕಬೇಡಿ. ಅಭ್ಯಾಸಕ್ಕೆ ಅದನ್ನು ಬಿಚ್ಚಬೇಡಿ, ಗಾಜಿನ ನೂಲು ಕೈಗೆ ಚುಚ್ಚಿ ತುರಿಕೆ ಬರುತ್ತದೆ. ಅದೇ ಅಳತೆಯ ಹಳೇ ಬೆಡ್‌ಶೀಟ್‌ನಲ್ಲಿ, ತಣ್ಣಗಿನ ಖಾಲಿ ಬಾಣಲೆಯ ಮೇಲೆ ಅಭ್ಯಾಸ ಮಾಡಿ.

ತರಿಸೋಕೆ ಆಗಲ್ಲ ಅನ್ನುವವರಿಗೆ ಒಂದು ಮಾತು. ಊರಲ್ಲಿ ಕುರುಬರು ನೇಯ್ದ ಕುರಿ ಉಣ್ಣೆಯ ಕಂಬಳಿ ಇದೆಯಲ್ವಾ, ಮೈಮೇಲಿನ ಬೆಂಕಿಗೆ ಅದು ನಿಜವಾಗಿಯೂ ಒಳ್ಳೆಯದು. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತಲ್ಲ, ಹತ್ತಿದರೂ ಕರಗಲ್ಲ, ಕರಕಲಾಗಿ ತಾನೇ ನಂದುತ್ತದೆ. ಅದಿಲ್ಲದಿದ್ದರೆ ದಪ್ಪ ಹತ್ತಿ ಜಮಖಾನ. ಆದರೆ ಈಗ ಮಂಚದ ಮೇಲೆ ಕಂಬಳಿ ಅಂತ ಇರೋದು ನುಣುಪಾದ, ಹೂವಿನ ಚಿತ್ರದ ಪಾಲಿಯೆಸ್ಟರ್ ಬ್ಲಾಂಕೆಟ್. ಅದನ್ನು ಉರಿಯುವ ಮನುಷ್ಯನ ಮೇಲೆ ಹಾಕಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಕೊನೆಗೆ ಜಾಗ. ಒಲೆಯ ಮೇಲಿನ ಗೋಡೆಗೆ, ಚಿಮಣಿ ಪಕ್ಕಕ್ಕೆ ಮೊಳೆ ಹೊಡೆದು ನೇತುಹಾಕಿರುವ ಫೋಟೋಗಳನ್ನು ಗ್ರೂಪಿನಲ್ಲಿ ನೋಡಿದೆ. ಬೇಕಾದಾಗ ಅದು ಉರಿಯ ಆಚೆ ಇರುತ್ತದೆ. ಅಡುಗೆಮನೆ ಬಾಗಿಲ ಪಕ್ಕ, ಹೊರಗೆ ಹೋಗುವ ದಾರಿಯಲ್ಲಿ, ಮನೆಯಲ್ಲಿ ಎಲ್ಲರಿಗಿಂತ ಗಿಡ್ಡ ಇರುವ ದೊಡ್ಡವರ ಕೈಗೆ ಎಟುಕುವ ಎತ್ತರದಲ್ಲಿ ಹಾಕಿ. ಪಟ್ಟಿಗಳ ಮುಂದೆ ಕ್ಯಾಲೆಂಡರ್, ಚೀಲ ಏನೂ ನೇತುಹಾಕಬೇಡಿ.