ಯಾರಿಗೆ ಹೇಗೆ ಕೈ ಮುಗಿಯೋದು

ಚಪ್ಪಲಿ ಬಿಟ್ಟು, ಚರ್ಮದ ಬೆಲ್ಟು, ಪರ್ಸು ಎರಡನ್ನೂ ಸ್ಕೂಟರಿನ ಡಿಕ್ಕಿಗೆ ಹಾಕಿ, ಪ್ಯಾಂಟು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಬಸದಿಯೊಳಗೆ ಕಾಲಿಟ್ಟೆ. ಎದುರಿಗೆ ಬಂದ ಹಿರಿಯರೊಬ್ಬರಿಗೆ ನಮಸ್ಕಾರ ಅಂದೆ. ಅವರು ನಕ್ಕು "ನಮಸ್ಕಾರ್ರಿ, ಬರ್ರಿ ಬರ್ರಿ" ಅಂದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡ ಯುವಕನೊಬ್ಬ ಪಕ್ಕದಲ್ಲೇ ನಿಂತಿದ್ದ. "ಇಲ್ಲಿ ನಮಸ್ಕಾರ ಅನ್ನಂಗಿಲ್ರಿ, ಜೈ ಜಿನೇಂದ್ರ ಅನಬೇಕು" ಅಂದ. ಮೆಲ್ಲಗೆ ಅಲ್ಲ, ನಾಲ್ಕು ಜನ ತಿರುಗಿ ನೋಡುವ ಹಾಗೆ.

ಇಂಥವರು ಎಲ್ಲ ಕಡೆ ಇರುತ್ತಾರೆ. ಮಠದಲ್ಲೂ ಇರುತ್ತಾರೆ, ಚರ್ಚಿನ ಬಾಗಿಲಲ್ಲೂ ಇರುತ್ತಾರೆ, ಉರುಸಿನಲ್ಲೂ ಇರುತ್ತಾರೆ. ನಿಜವಾಗಿ ನಮಸ್ಕಾರ ಸ್ವೀಕರಿಸಬೇಕಾದ ಹಿರಿಯರಿಗೆ ಯಾವ ತಕರಾರೂ ಇರುವುದಿಲ್ಲ. ತಕರಾರು ಯಾವಾಗಲೂ ಬ್ಯಾಡ್ಜಿನದು. ಹೊಸಬರಿಗೆ ಹೇಳಿಕೊಡಬಾರದು ಅಂತ ಅಲ್ಲ. ಬದಿಗೆ ಕರೆದು ಹೇಳಬಹುದು, ಅಲ್ವಾ? ಅಥವಾ ತಾನೇ ಮೊದಲು "ಜೈ ಜಿನೇಂದ್ರ" ಅಂದುಬಿಟ್ಟರೆ ಬಂದವನೂ ಅದನ್ನೇ ಹೇಳುತ್ತಾನೆ. ಅದಕ್ಕೆ ಬ್ಯಾಡ್ಜೂ ಬೇಡ.

ನನ್ನನ್ನು ಕರೆದುಕೊಂಡು ಹೋಗಿದ್ದು ಪಕ್ಕದ ಮನೆಯ ಕಾಕಾ, ಕಾಕು. ಅವರು ದಿಗಂಬರ ಜೈನರು. ಬೆಳಗಾವಿ ಕಡೆ ಇದೇನೂ ಅಪರೂಪವಲ್ಲ. ಆಚಾರ್ಯ ಶಾಂತಿಸಾಗರರ ಊರು ಭೋಜ ಇದೇ ಜಿಲ್ಲೆಯದು, 2024ರಲ್ಲಿ ಸಮಾಧಿ ಹೊಂದಿದ ಆಚಾರ್ಯ ವಿದ್ಯಾಸಾಗರರು ಹುಟ್ಟಿದ ಸದಲಗಾ ಕೂಡ ಇದೇ ಜಿಲ್ಲೆಯದು. ಮಳೆಗಾಲದಲ್ಲಿ ಮುನಿಗಳು ಊರೂರು ಅಲೆಯುವುದನ್ನು ನಿಲ್ಲಿಸಿ ಒಂದೇ ಕಡೆ ಚಾತುರ್ಮಾಸ ಕೂರುತ್ತಾರೆ. ಆ ವರ್ಷ ನಮ್ಮ ಓಣಿಯ ಹತ್ತಿರದ ಬಸದಿಗೆ ಒಂದು ಸಂಘ ಬಂದಿತ್ತು.

ಕಾಕು ದಾರಿಯಲ್ಲೇ ಪಾಠ ಮಾಡಿದ್ದರು. ಮುನಿಗಳಿಗೆ ನಮೋಸ್ತು. ಸನ್ಯಾಸಿನಿಯರಾದ ಆರ್ಯಿಕಾ ಮಾತಾಜಿಗೆ ವಂದಾಮಿ. ದೀಕ್ಷೆಯಲ್ಲಿ ಮುನಿಗಳಿಗಿಂತ ಕೆಳಗಿನ ಮೆಟ್ಟಿಲಿನವರಾದ ಐಲಕರು, ಕ್ಷುಲ್ಲಕರಿಗೆ ಇಚ್ಛಾಮಿ. ನಮ್ಮ ನಮ್ಮಲ್ಲಿ ಜೈ ಜಿನೇಂದ್ರ. "ಅಷ್ಟೇ, ಏನೂ ಕಷ್ಟ ಇಲ್ಲ" ಅಂದರು. ಬಾಯಿಪಾಠ ಏನೋ ಸುಲಭ. ಆದರೆ ಅಲ್ಲಿ ಕೂತವರಲ್ಲಿ ಯಾರು ಯಾರು ಅಂತ ಗುರುತು ಹಿಡಿಯಬೇಕಲ್ಲ. ಮುನಿಗಳ ವಿಷಯದಲ್ಲಿ ಗೊಂದಲವೇ ಇಲ್ಲ, ಮೈಮೇಲೆ ಬಟ್ಟೆಯೇ ಇರುವುದಿಲ್ಲ. ಐಲಕರಿಗೆ ಕೌಪೀನ ಮಾತ್ರ. ಕ್ಷುಲ್ಲಕರಿಗೆ ಕೌಪೀನದ ಜೊತೆ ಮೇಲೊಂದು ಗಿಡ್ಡ ವಸ್ತ್ರ. ಕಷ್ಟ ಶುರುವಾಗುವುದು ಬಿಳಿ ಸೀರೆಯವರ ಸಾಲಿನಲ್ಲಿ. ಅಲ್ಲಿ ಆರ್ಯಿಕೆಯರೂ ಇರುತ್ತಾರೆ, ಕ್ಷುಲ್ಲಿಕೆಯರೂ ಇರುತ್ತಾರೆ, ಇನ್ನೂ ದೀಕ್ಷೆ ಆಗದ ಬ್ರಹ್ಮಚಾರಿಣಿಯರೂ ಇರುತ್ತಾರೆ. ದೂರದಿಂದ ಎಲ್ಲರೂ ಒಂದೇ. "ಮೊದಲ ಪಿಂಛಿ ಐತೇನ್ ನೋಡು" ಅಂದರು ಕಾಕು. ನವಿಲುಗರಿಯ ಪಿಂಛಿ ಇದ್ದರೆ ದೀಕ್ಷೆ ಆದವರು. ಆಮೇಲೆ ಸೀರೆಯ ಮೇಲೆ ಇನ್ನೊಂದು ಬಿಳಿ ವಸ್ತ್ರ ಹೊದ್ದಿದ್ದಾರೋ ಇಲ್ಲವೋ ನೋಡಬೇಕು. ಆರ್ಯಿಕೆಗೆ ಒಂದೇ ಸೀರೆ, ಹೊದ್ದಿದ್ದರೆ ಕ್ಷುಲ್ಲಿಕೆ. ಇಷ್ಟು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ನಮ್ಮ ಹಿಂದಿನ ಸಾಲು ಮುಂದೆ ದಾಟಿ ಹೋಗಿರುತ್ತದೆ.

ಆದರೆ ಮಾತು ತಪ್ಪಿದರೆ ಅಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ಸುಮ್ನೆ ಕೈ ಮುಗಿದರೂ ಮುನಿಗಳು ಪಿಂಛಿ ಎತ್ತಿ ಹರಸುತ್ತಾರೆ. ಜೋಪಾನ ಮಾಡಬೇಕಾದ್ದು ನಾಲಗೆಯನ್ನಲ್ಲ, ಕೈಕಾಲನ್ನು. ನಮಗೆ ಸ್ವಾಮಿಗಳನ್ನು ಕಂಡ ಕೂಡಲೇ ಪಾದ ಮುಟ್ಟುವ ಚಾಳಿ. ಇಲ್ಲಿ ಹೆಂಗಸರು ಮುನಿಗಳನ್ನು ಮುಟ್ಟುವಂತಿಲ್ಲ. ದೂರದಲ್ಲೇ ಕೂತು, ಮಂಡಿಗಳನ್ನು ಒಂದು ಬದಿಗೆ ಮಡಿಸಿ, ತಲೆ ಬಾಗಿಸಬೇಕು. ಆರ್ಯಿಕೆಯರಿಗಂತೂ ಹಳೆಯ ಆಚಾರ ಗ್ರಂಥದಲ್ಲೇ ಅಳತೆ ಇದೆ. ಆಚಾರ್ಯರಿಂದ ಐದು ಕೈ, ಉಪಾಧ್ಯಾಯರಿಂದ ಆರು ಕೈ, ಸಾಧುವಿನಿಂದ ಏಳು ಕೈ ದೂರದಿಂದ ವಂದಿಸಬೇಕು. ಇನ್ನೊಂದು ವಿಷಯ. ಸಾಮಾಯಿಕದ ಹೊತ್ತಿನಲ್ಲಿ ನಾವು ಎಷ್ಟು ಭಕ್ತಿಯಿಂದ ನಮೋಸ್ತು ಅಂದರೂ ಆ ಕಡೆಯಿಂದ ಕಣ್ಣು ಕೂಡ ಅಲುಗುವುದಿಲ್ಲ. ಅವರು ಧ್ಯಾನದಲ್ಲಿದ್ದಾರೆ, ಅಷ್ಟೇ. ನನ್ನ ಮುಂದಿದ್ದ ಒಬ್ಬರು ಇದನ್ನು ತಿಳಿಯದೆ, ಕೇಳಿಸಲಿಲ್ಲವೇನೋ ಅಂದುಕೊಂಡು, ಇನ್ನೂ ಜೋರಾಗಿ ಇನ್ನೊಮ್ಮೆ ಅಂದರು. ಬ್ಯಾಡ್ಜಿನವನು ಆಗ ಎಲ್ಲಿ ಹೋಗಿದ್ದನೋ.

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಂಡಿದ್ದ ನಾನು ಮರುದಿನ ಬೆಳಿಗ್ಗೆ ಕಾಕುವಿನ ಮನೆ ಮುಂದೆ ಕಂಡದ್ದು ಬೇರೆಯದೇ ಸಂಗತಿ.

ಮುನಿಗಳು ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡೇ, ಅಂಗೈ ಜೋಡಿಸಿ ಅದರಲ್ಲೇ ಊಟ ಮಾಡುತ್ತಾರೆ. ಆ ಊಟಕ್ಕೆ ಕರೆದರೆ ಬರುವುದಿಲ್ಲ. ಬೆಳಿಗ್ಗೆ ಆಹಾರಕ್ಕೆ ಹೊರಡುವಾಗ ಬಲಗೈ ಬೆರಳು ಕೂಡಿಸಿ ಭುಜದ ಮೇಲೆ ಇಟ್ಟುಕೊಂಡು ಮೌನವಾಗಿ ನಡೆಯುತ್ತಾರೆ. ಚೌಕಾ, ಅಂದರೆ ಮುನಿಗಳಿಗಾಗಿ ಮಡಿ ಅಡುಗೆಮನೆ, ಹಾಕಿದ ಮನೆಯವರೆಲ್ಲ ಮಡಿಯುಟ್ಟು ತಮ್ಮ ತಮ್ಮ ಬಾಗಿಲ ಮುಂದೆ ಕಾಯುತ್ತಾರೆ. ಹತ್ತಿರ ಬರುತ್ತಿದ್ದ ಹಾಗೆ "ಹೇ ಸ್ವಾಮಿ ನಮೋಸ್ತು ನಮೋಸ್ತು ನಮೋಸ್ತು, ಅತ್ರ ತಿಷ್ಠ ತಿಷ್ಠ" ಅಂತ ಕೂಗುತ್ತಾರೆ. ಇಲ್ಲಿವರೆಗೆ ಸರಿ. ಮಜಾ ಇರುವುದು ಮುಂದೆ. ಹೊರಡುವ ಮೊದಲು ಮುನಿಗಳು ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಂಡಿರಬಹುದು. ದಂಪತಿ ಜೋಡಿಯಾಗಿ ನಿಂತು ಕರೆದರೆ ಮಾತ್ರ ನಿಲ್ಲುತ್ತೇನೆ, ಕಳಶ ಹಿಡಿದವರು ಕರೆದರೆ ಮಾತ್ರ ನಿಲ್ಲುತ್ತೇನೆ, ಹೀಗೆ ಏನಾದರೊಂದು. ಅದು ಏನು ಅಂತ ಯಾರಿಗೂ ಹೇಳುವುದಿಲ್ಲ. ಹೊಂದಿದರೆ ಊಟ. ಹೊಂದದಿದ್ದರೆ ಹಾಗೇ ವಾಪಸ್, ಅವತ್ತು ಉಪವಾಸ.

ಅಂದರೆ ಹುಟ್ಟಿನಿಂದ ಜೈನರಾಗಿ, ನಮೋಸ್ತು ವಂದಾಮಿ ಇಚ್ಛಾಮಿ ಎಲ್ಲ ರಕ್ತದಲ್ಲೇ ಇರುವವರಿಗೂ, ಇವತ್ತು ಹೇಗೆ ಕರೆದರೆ ಸರಿ ಅಂತ ಗೊತ್ತಿಲ್ಲ!

ಮೊದಲ ದಿನ ಕಾಕಾ ಕೈಯಲ್ಲಿ ತೆಂಗಿನಕಾಯಿ ಇಟ್ಟ ಕಳಶ ಹಿಡಿದಿದ್ದರು, ಕಾಕು ಪಕ್ಕದಲ್ಲಿ ಕೈ ಮುಗಿದು ನಿಂತಿದ್ದರು. ಮುನಿಗಳು ಬಂದರು, ಒಂದು ಕ್ಷಣ ನೋಡಿದರು, ಮುಂದೆ ಹೋದರು. ಕಾಕು ಒಳಗೆ ಹೋಗಿ ಪಾತ್ರೆ ಕುಕ್ಕಿದ ಸದ್ದು ನಮ್ಮ ಮನೆಗೂ ಕೇಳಿಸಿತು. ನಸುಕಿಗೆ ಎದ್ದು, ಬಾವಿ ನೀರು ಸೇದಿ, ಸೋಸಿ, ಹಿಟ್ಟು ಮನೆಯಲ್ಲೇ ಬೀಸಿ ಮಾಡಿದ ಅಡುಗೆ ಅದು. ಎರಡನೇ ದಿನ ಕಳಶ ಕಾಕುವಿನ ಕೈಗೆ ಬಂತು, ಕಾಕಾನ ಕೈಗೆ ಹಣ್ಣು. ಆವತ್ತೂ ಇಲ್ಲ. "ನೀವು ನನ್ನ ಬಲಕ್ಕ ನಿಂತ್ರಿ, ಅದಕ್ಕ ಹಿಂಗಾತು" ಅಂತ ಕಾಕು. "ನಿನ್ನ ಕೂಗು ಕೇಳಿ ಹೆದರ್ಯಾರ" ಅಂತ ಕಾಕಾ. ಎದುರುಮನೆಯವರು ಇದನ್ನೆಲ್ಲ ಗಮನಿಸಿ ತಮ್ಮಲ್ಲಿ ಮಗ, ಸೊಸೆ, ಮೊಮ್ಮಗಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ವಸ್ತು ಕೊಟ್ಟರು. ಲವಂಗ ಒಬ್ಬರಿಗೆ, ಬಾದಾಮಿ ಒಬ್ಬರಿಗೆ, ಶ್ರೀಫಲ ಒಬ್ಬರಿಗೆ. ಯಾವುದಾದರೂ ಒಂದು ಹತ್ತಬಹುದು ಅಂತ. ಲಾಟರಿ ಟಿಕೆಟನ್ನು ಕಟ್ಟುಗಟ್ಟಲೆ ಕೊಂಡ ಹಾಗೆ. ಅಲ್ಲೂ ನಿಲ್ಲಲಿಲ್ಲ.

ಕೊನೆಗೆ ಒಂದು ದಿನ ಕಾಕುವಿನ ಸೊಸೆ ತಡವಾಗಿ ಹೊರಗೆ ಬಂದಳು. ಮಗುವನ್ನು ಯಾರ ಕೈಗೋ ಕೊಟ್ಟು, ಒದ್ದೆ ತಲೆಗೂದಲು ಗಂಟು ಹಾಕುತ್ತಾ ಓಡಿ ಬಂದು, ಅತ್ತೆ ಮಾವನ ನಡುವೆ ತೂರಿಕೊಂಡು ಕೈ ಮುಗಿದಳು. ಅವಳ ಕೈಯಲ್ಲಿ ಏನೂ ಇರಲಿಲ್ಲ. ದಾಟಿ ಹೋಗುತ್ತಿದ್ದ ಮುನಿಗಳು ನಿಂತರು. ಮನೆಯವರು ಅವರಿಗೆ ಮೂರು ಪ್ರದಕ್ಷಿಣೆ ಬಂದರು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧವಿದೆ ಅಂತ ಹೇಳುವಾಗ ಕಾಕಾನ ಗಂಟಲು ಕಟ್ಟಿತ್ತು. ಒಳಗೆ ಕರೆದೊಯ್ದರು.

ನಾನು ಒಳಗೆ ಹೋಗಲಿಲ್ಲ. ಮಡಿಯಲ್ಲಿ ಇಲ್ಲದವರು ಚೌಕಾದೊಳಗೆ ಹೋಗುವ ಹಾಗಿಲ್ಲ. ಗೇಟಿನ ಹತ್ತಿರ ಚಪ್ಪಲಿಗಳ ಪಕ್ಕ ನಿಂತಿದ್ದೆ. ಒಳಗೆ ಒಂದು ಕೂದಲು ಸಿಕ್ಕರೂ ಅಂತರಾಯ, ಊಟ ಅಲ್ಲಿಗೇ ನಿಲ್ಲುತ್ತದೆ ಎಂದು ಕೇಳಿದ್ದೆನಾದ್ದರಿಂದ, ಆ ಒದ್ದೆ ಕೂದಲಿನ ಸೊಸೆಯನ್ನು ನೆನೆದು ನನಗೇ ಢವಢವ. ಏನೂ ಆಗಲಿಲ್ಲ. ಅವಳು ತಲೆ ತುಂಬ ಸೆರಗು ಬಿಗಿದುಕೊಂಡಿದ್ದಳಂತೆ.

ನಿಯಮ ಏನಿತ್ತು ಅನ್ನುವುದರ ಮೇಲೆ ಓಣಿಯಲ್ಲಿ ವಾರವಿಡೀ ಚರ್ಚೆ. ಮೂವರು ನಿಂತಿರಬೇಕು ಅಂತ ಇತ್ತು ಎಂದು ಕಾಕಾ. ಬರಿಗೈ ಅಂತ ಇತ್ತು ಎಂದು ಎದುರುಮನೆಯವರು, ಸ್ವಲ್ಪ ಹೊಟ್ಟೆಕಿಚ್ಚಿನಿಂದ. ಸೊಸೆಯ ಪುಣ್ಯ ಎಂದು ಒಪ್ಪಿಕೊಳ್ಳಲು ಕಾಕು ಕಡೆವರೆಗೂ ತಯಾರಾಗಲಿಲ್ಲ. ಮುನಿಗಳನ್ನೇ ಕೇಳಬಹುದಲ್ಲ ಅಂದೆ. "ಅದನ್ನೆಲ್ಲ ಕೇಳಬಾರದಪ್ಪಾ" ಅಂದರು.

ಇದನ್ನು ನೋಡಿದ ಮೇಲೆ ನನಗೆ ಏನಾದರೂ ಹೊಳೆಯಬೇಕಿತ್ತು. ಹೊಸ ಜಾಗದಲ್ಲಿ ಹೇಗೆ ಮಾತಾಡಿಸಬೇಕು ಅನ್ನುವುದಕ್ಕೆ ಒಂದು ಸೂತ್ರ ಸಿಕ್ಕಬಹುದು ಅಂದುಕೊಂಡಿದ್ದೆ. ಎದುರಿನವರು ಮೊದಲು ಮಾತಾಡಲಿ, ನಾವು ಅದನ್ನೇ ತಿರುಗಿಸಿ ಹೇಳೋಣ ಅನ್ನುವುದು ಒಂದು ಉಪಾಯ. ಮಂಗಳೂರಿನ ಮದುವೆಯಲ್ಲಿ ಕೊಂಕಣಿ ಅಜ್ಜಿಯೊಬ್ಬರ ಎದುರು ಅದನ್ನು ಮಾಡಿ ನೋಡಿದ್ದೇನೆ. ಆ ಅಜ್ಜಿಗೂ ಅದೇ ಉಪಾಯ ಗೊತ್ತಿತ್ತು. ಇಬ್ಬರೂ ನಗುತ್ತಾ ನಿಂತೇ ಇದ್ದೆವು.

ಅದಿರಲಿ. ಬಸದಿಯಲ್ಲಿ ಪ್ರವಚನ ಮುಗಿದ ಮೇಲೆ ಊಟದ ಸಾಲಿನಲ್ಲಿ ಬಿಳಿ ಟೋಪಿ, ಧೋತರದ ಒಬ್ಬ ಅಜ್ಜ ನನ್ನ ಹಿಂದೆ ನಿಂತರು. ನಾನು ತಿರುಗಿ ಗಟ್ಟಿಯಾಗಿ "ಜೈ ಜಿನೇಂದ್ರ" ಅಂದೆ. ಅವರೂ ಅಷ್ಟೇ ಗಟ್ಟಿಯಾಗಿ "ಜೈ ಜಿನೇಂದ್ರರೀ" ಅಂದರು. ಮಳೆ ಬಗ್ಗೆ, ಸೋಯಾಬೀನ್ ರೇಟಿನ ಬಗ್ಗೆ ಮಾತಾಯಿತು. ಪಲ್ಯ ಬಡಿಸುವಾಗ ಅವರು ನನ್ನ ಕಿವಿ ಹತ್ತಿರ ಬಗ್ಗಿ ಕೇಳಿದರು: "ತಪ್ಪು ತಿಳಕೋಬ್ಯಾಡ್ರಿ, ನಿಮ್ಮ ಮಂದಿ ಬಟಾಟಿ ಯಾಕ ತಿನ್ನಂಗಿಲ್ರಿ?"

ನೆಲದೊಳಗೆ ಬೆಳೆಯುವ ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವ ಇರುತ್ತವೆ, ಕಿತ್ತರೆ ಹಿಂಸೆ ಅಂತ ಕಾಕು ಹೇಳಿದ್ದನ್ನೇ ಹೇಳಿದೆ. ಅಜ್ಜ ಬಹಳ ಗಂಭೀರವಾಗಿ ತಲೆದೂಗಿದರು. ಬಡಿಸುವವನು ಮುಂದೆ ಹೋದ ಮೇಲೆ "ನಾವು ಲಿಂಗಾಯತರ್ರಿ, ಮಗಳ ಗೆಳತಿ ಮನಿಯವರು ಕರದಿದ್ರು" ಅಂದರು. ನಾನೂ ಜೈನ ಅಲ್ಲ ಅಂದೆ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಹಂಗಿದ್ರ ಬಟಾಟಿ ವಿಷಯ ಖರೇನೋ ಸುಳ್ಳೋ?" ಅಂದರು.