ಖಾಲಿ ಚೌಕ

ಮೊನ್ನೆ ಮೂಡಿಗೆರೆಯಲ್ಲಿ ಜಡಿಮಳೆ, ಕರೆಂಟಿಲ್ಲ. ಅಕ್ಕನ ಮಗ ಉಳಿದ ಚಾರ್ಜಿನಲ್ಲೇ, ಓಣಿಗಳ ಚಕ್ರವ್ಯೂಹದಲ್ಲಿ ಚೌಕ ಚೌಕವಾಗಿ ನಡೆಯುವ 2012ರ ಕಂಪ್ಯೂಟರ್ ಆಟ ‘ಲೆಜೆಂಡ್ ಆಫ್ ಗ್ರಿಮ್‌ರಾಕ್’ ಆಡುತ್ತಿದ್ದ. ಆಡುತ್ತಿದ್ದ ಅನ್ನೋದೂ ತಪ್ಪು. ಎರಡು ಹೆಜ್ಜೆಗೊಮ್ಮೆ ಮ್ಯಾಪು ತೆರೆದು ನೋಡುತ್ತಿದ್ದ. ಅದು ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುವ ಮ್ಯಾಪು. ಬೇಡ ಅಂದರೆ ಆಟ ಶುರುವಾಗುವಾಗಲೇ ಅದನ್ನು ತೆಗೆದುಹಾಕಬಹುದು, ಹಳೇ ಕಾಲದವರ ಹಾಗೆ ಗ್ರಾಫ್ ಪೇಪರಿನಲ್ಲಿ ಬರೆದುಕೊಳ್ಳಬಹುದು. ಹೇಳಿದರೆ ನಗುತ್ತಾನೆ!

“ಇಲ್ಲಿ ಖಾಲಿ ಇದೆಯಲ್ಲೋ, ಅದೇನು?”

“ಗೋಡೆ, ಮಾಮ.”

ನನಗೆ ಉರಿಯಿತು. ಆ ಆಟದಲ್ಲಿ ಗೋಡೆಯೂ ಪೂರ್ತಿ ಒಂದು ಚೌಕ. ಎರಡು ಓಣಿಗಳ ನಡುವೆ ಒಂದು ಚೌಕ ಖಾಲಿಯಿದ್ದರೆ ಅದು ಗೋಡೆಯೇ, ಸರಿ. ಆದರೆ ಇದು ಮೂರಕ್ಕೆ ಮೂರು, ಸುತ್ತ ನಾಲ್ಕೂ ಕಡೆ ಓಣಿ. ಒಳಗೆ ಗುಟ್ಟಿನ ಕೋಣೆ ಇದ್ದರೂ ಇರಬಹುದು. ಇಂಥದ್ದೇ ಹಳೇ ಆಟ, 1981ರ ‘ವಿಜರ್ಡ್ರಿ’ಯಲ್ಲಿ ಗೋಡೆ ಅಂದರೆ ಚೌಕಗಳ ನಡುವಿನ ಬರೀ ಗೆರೆ. ಅಲ್ಲಿ ಒಂದೇ ಒಂದು ಚೌಕ ಬಿಟ್ಟುಹೋದರೂ ಅನುಮಾನಪಡಬೇಕಿತ್ತು.

ಒಂದು ಕೀ ಒತ್ತಿದರೆ ಒಂದು ಚೌಕ, ತಿರುಗಿದರೆ ನೇರ ಕಾಲುಸುತ್ತು. ಲೆಕ್ಕ ತಪ್ಪುವ ಮಾತೇ ಇಲ್ಲ. ಲೆಕ್ಕ ತಪ್ಪುವುದು ನಮ್ಮ ಮನೆಯಲ್ಲಿ.

ಇದು ಅಜ್ಜ ಕಟ್ಟಿಸಿದ ಮನೆ. ಚಿಕ್ಕವನಿದ್ದಾಗ ಒಂದು ಮಳೆಗಾಲ ಕೆಲಸವಿಲ್ಲದೆ ಅಳೆದಿದ್ದೆ. ಹೊರಗೆ ಜಗಲಿಯುದ್ದಕ್ಕೆ ಇಪ್ಪತ್ತೆರಡು ಹೆಜ್ಜೆ. ಒಳಗೆ ಕೋಣೆ ಏಳು, ನಡುಮನೆ ಒಂಬತ್ತು, ದೇವರ ಮನೆ ಮೂರು. ಕೂಡಿದರೆ ಹತ್ತೊಂಬತ್ತು. ಇನ್ನು ಮೂರು ಹೆಜ್ಜೆ ಎಲ್ಲಿ? ಮತ್ತೆ ಅಳೆದೆ. ಅಜ್ಜಿಯ ಸೀರೆ ಪೆಟ್ಟಿಗೆ ಸರಿಸಿ ಅಳೆದೆ, ಬೈಸಿಕೊಂಡೆ. ರಾತ್ರಿ ಅಜ್ಜನನ್ನು ಕೇಳಿದರೆ, “ಗೋಡೆ ಕಣೋ, ಗೋಡೆ” ಅಂದರು. ಮಣ್ಣಿನ ಗೋಡೆ, ದಪ್ಪ, ಅದೂ ನಾಲ್ಕು. ಇರಬಹುದು. ಆದರೂ ಅವರು ತಲೆ ಎತ್ತದೆ ಹೇಳಿದ್ದು ನನಗೆ ಸರಿಬರಲಿಲ್ಲ. ಇವತ್ತಿಗೂ ಬಂದಿಲ್ಲ.

“ನೇರ ನಡೆದುಕೊಂಡು ಹೋದರೆ ಸಿಗಲ್ಲ, ಗೋಡೆಗೆ ಮುಖ ಮಾಡಿ ಪಕ್ಕಕ್ಕೆ ಸರಿ” ಅಂದೆ. ಓಣಿಯಲ್ಲಿ ಮುಂದೆ ನೋಡುತ್ತ ನಡೆದರೆ ಪಕ್ಕದ ಗೋಡೆ ಓರೆಯಾಗಿ ಕಾಣುತ್ತದೆ. ಇಟ್ಟಿಗೆಯ ನಡುವೆ ಅಡಗಿರುವ, ಒತ್ತಿದರೆ ಗೋಡೆ ತೆರೆಯುವ ಚಿಕ್ಕ ಗುಂಡಿ ಕಣ್ಣಿಗೆ ಬೀಳುವುದೇ ಇಲ್ಲ. ಎದುರು ನಿಂತರೆ ಮಾತ್ರ ಕಾಣುತ್ತದೆ. ಮ್ಯಾಪಿಗಂತೂ ಇದು ಗೊತ್ತೇ ಇಲ್ಲ, ನಡೆದಷ್ಟನ್ನು ಬರೆಯುವುದಷ್ಟೇ ಅದರ ಕೆಲಸ.

ಹುಡುಗ ಗೊಣಗುತ್ತಲೇ ನಾಲ್ಕೂ ಓಣಿ ಸರಿದ. ಒಂದೊಂದು ಚೌಕಕ್ಕೂ ನಿಂತು ನೋಡಿದ. ಗುಂಡಿ ಸಿಗಲಿಲ್ಲ.

“ಬರೀ ಗೋಡೆ, ಮಾಮ. ಆಟ ಮಾಡಿದವರು ಸುಮ್ನೆ ಬಿಟ್ಟಿದಾರೆ.”

ಅಷ್ಟರಲ್ಲಿ ಚಾರ್ಜೂ ಮುಗಿಯಿತು. ಅವನು ಮಲಗಲು ಹೋದ ಮೇಲೆ, ಕತ್ತಲಲ್ಲೇ ದೇವರ ಮನೆ ಪಕ್ಕದ ಗೋಡೆಯನ್ನು ಎರಡು ಸಲ ತಟ್ಟಿದೆ.

ಒಳಗಿಂದ ಅಕ್ಕ ಕೂಗಿದಳು: “ಈ ಹೊತ್ತಲ್ಲಿ ಯಾರೋ ಬಾಗಿಲು ಬಡೀತಿದಾರೆ, ನೋಡೋ!”